ಅದು ಆಣಿ ಅಂತ ಹೇಳಿದವರು ಯಾರು?

ಪ್ರಶ್ನೆ: "ಬಲಗಾಲಿನ ಅಡಿಯಲ್ಲಿ ಆಣಿ ಎದ್ದಿದೆ, ನಡೆದರೆ ಚುಚ್ಚುತ್ತದೆ. ಬ್ಲೇಡಿನಲ್ಲಿ ಕೆತ್ತಿ ತೆಗೆದರೆ ಬೇಗ ಹೋಗುತ್ತದಾ, ಇಲ್ಲಾ ಮೆಡಿಕಲ್‌ನಲ್ಲಿ ಸಿಗುವ ಕಾರ್ನ್ ಪಟ್ಟಿ ಹಾಕಲಾ?"

ಮೊದಲು ಬ್ಲೇಡ್ ಕೆಳಗಿಡಿ. ಪಟ್ಟಿಯ ವಿಷಯ ಆಮೇಲೆ ನೋಡೋಣ.

ನಾನು ವಿರಾಜಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಮಳೆಗಾಲ ಬಂತೆಂದರೆ ಬೆಳಿಗ್ಗೆಯಿಂದ ಸಂಜೆವರೆಗೆ ಕಾಲು ಗಮ್ ಬೂಟಿನೊಳಗೇ ಇರುತ್ತದೆ. ಸಂಜೆ ಬಿಚ್ಚಿದರೆ ಪಾದ ಬೆಳ್ಳಗೆ ನೆನೆದು ಸುಕ್ಕುಗಟ್ಟಿರುತ್ತದೆ. ಅಂಥದ್ದೇ ಒಂದು ಜುಲೈಯಲ್ಲಿ ಬಲಪಾದದ ಮುಂಭಾಗದಲ್ಲಿ, ಎರಡನೇ ಬೆರಳಿನ ಬುಡದ ಹತ್ತಿರ, ಬಟಾಣಿ ಕಾಳಿನಷ್ಟು ಗಟ್ಟಿ ಎದ್ದಿತು. ಕೆಲಸದ ಹಿರಿಯರೊಬ್ಬರು ನೋಡಿ "ರೈಟ್ರೇ, ಅದು ಆಣಿ, ಕೆತ್ತಿ ಬಿಡಿ, ಬೇರು ಸಮೇತ ಬರಬೇಕು" ಅಂದರು. ನಮ್ಮಲ್ಲಿ ಪಾದದಡಿ ಏನು ಗಟ್ಟಿಯಾದರೂ ಆಣಿಯೇ ಅಲ್ವಾ. ನಾನೂ ಹಾಗೇ ನಂಬಿದೆ. ಮೊದಲು ಕಾರ್ನ್ ಪಟ್ಟಿ ಹಚ್ಚಿದೆ. ಬೂಟಿನ ಬೆವರಿಗೆ ಎರಡೇ ದಿನಕ್ಕೆ ಜಾರಿ ಹೋಯಿತು. ಆಮೇಲೆ ಹೊಸ ಶೇವಿಂಗ್ ಬ್ಲೇಡ್ ತಗೊಂಡು ಕೂತೆ.

ಮೇಲಿನ ಗಟ್ಟಿ ಚರ್ಮವನ್ನು ತೆಳ್ಳಗೆ ಸವರಿದೆ. ಒಂದು ಪದರ ಹೋಯಿತು, ಎರಡು ಹೋಯಿತು. ಮೂರನೆಯದಕ್ಕೆ ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡವು, ಐದಾರು ಇರಬಹುದು. ಮಣ್ಣು ಸೇರಿಕೊಂಡಿದೆ ಅಂದುಕೊಂಡೆ. ಇನ್ನೊಂಚೂರು ಕೆತ್ತಿದಾಗ ಆ ಚುಕ್ಕೆಗಳಿದ್ದ ಜಾಗದಿಂದಲೇ ಸೂಜಿ ಮೊನೆಯಷ್ಟು ರಕ್ತ ಒಂದೊಂದಾಗಿ ಜಿನುಗಿತು. ಜಾಸ್ತಿ ಆಳಕ್ಕೆ ಹೋದೆ ಅಂದುಕೊಂಡು ಅರಿಸಿನ ಒತ್ತಿ ಕಟ್ಟಿದೆ. ಅಲ್ಲೇ ನಿಲ್ಲಿಸಿದ್ದರೂ ಅಷ್ಟು ಕಷ್ಟ ಬರುತ್ತಿರಲಿಲ್ಲ. ಬ್ಲೇಡ್ ಹೇಗೂ ಕೈಯಲ್ಲಿತ್ತು, ಅದೇ ಬ್ಲೇಡಿನಿಂದ ಎಡ ಹಿಮ್ಮಡಿಯ ಜಡ್ಡನ್ನೂ ಸವರಿದೆ. ಮೇಲಾಗಿ ಬೇರು ಬರಬೇಕು ಅಂತ ಹದಿನೈದು ದಿನಕ್ಕೊಮ್ಮೆ ಹೀಗೇ ಮೂರು ಸಲ ಮಾಡಿದೆ.

ಆ ಕಪ್ಪು ಚುಕ್ಕೆ ಮಣ್ಣಲ್ಲ, ಸಣ್ಣ ರಕ್ತನಾಳಗಳೊಳಗೆ ಹೆಪ್ಪುಗಟ್ಟಿದ ರಕ್ತ. ಆಣಿಯೊಳಗೆ ರಕ್ತನಾಳ ಇರುವುದಿಲ್ಲ, ಅದು ಬರೀ ಸತ್ತ ಗಟ್ಟಿ ಚರ್ಮ. ನನ್ನದು ನರಹುಲಿ. ಅದು ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುತ್ತದೆ, ನೆನೆದು ಮೆತ್ತಗಾದ ಚರ್ಮಕ್ಕೆ, ಗೀರಿದ ಚರ್ಮಕ್ಕೆ ಸುಲಭವಾಗಿ ಹತ್ತುತ್ತದೆ. ಅಂದರೆ ನಾನು ವೈರಸ್ ಮೆತ್ತಿದ ಬ್ಲೇಡಿನಿಂದ ಸುತ್ತಲಿನ ಚರ್ಮವನ್ನೂ ಎಡ ಹಿಮ್ಮಡಿಯನ್ನೂ ಗೀರಿದ್ದೆ. ಹತ್ತಿದ ಕೂಡಲೇ ಅದು ಕಾಣುವುದಿಲ್ಲ, ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ನವೆಂಬರ್ ಹೊತ್ತಿಗೆ ಬಲಪಾದದಲ್ಲಿ ಒಂದಿದ್ದದ್ದು ಏಳಾಯಿತು, ಎಡ ಹಿಮ್ಮಡಿಯಲ್ಲಿ ಎರಡು. ಕಾಫಿ ಕೊಯ್ಲು ಶುರುವಾಗುವ ಸಮಯಕ್ಕೇ ನನಗೆ ಬ್ಲಾಕಿನಿಂದ ಬ್ಲಾಕಿಗೆ ನಡೆಯಲಾಗಲಿಲ್ಲ. ಬೇರು ಅನ್ನುವುದೂ ಸುಳ್ಳು. ನರಹುಲಿ ಚರ್ಮದ ಮೇಲ್ಪದರದಲ್ಲೇ ಇರುತ್ತದೆ. ಬೇರು ಹುಡುಕಿ ಆಳಕ್ಕೆ ಕೆತ್ತಿದರೆ ಗಾಯದ ಕಲೆ ಉಳಿಯುತ್ತದೆ, ಪಾದದಡಿ ಆ ಕಲೆಯೇ ಮುಂದೆ ನೋಯಬಹುದು.

ಕೊನೆಗೆ ಮೈಸೂರಿನ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಔಷಧಿ ಬರೆಯಲೇ ಇಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿ ನನ್ನ ಕೈಗೇ ಕೊಟ್ಟು "ಗೆರೆ ನೋಡಿ" ಅಂದರು. ಬೆರಳಿನ ತುದಿಯಲ್ಲಿ ಇರುವ ಹಾಗೆ ಪಾದದಡಿಯಲ್ಲೂ ಸಣ್ಣ ಗೆರೆಗಳಿರುತ್ತವೆ. ನರಹುಲಿ ಇಲ್ಲದ ಕಡೆ ಹಿಮ್ಮಡಿಯ ಜಡ್ಡಿನ ಮೇಲೆ ಆ ಗೆರೆಗಳು ಈ ಕಡೆಯಿಂದ ಆ ಕಡೆಗೆ ತುಂಡಾಗದೆ ಹಾದು ಹೋಗಿದ್ದವು. ಜಡ್ಡು ಅಂದರೆ ಅದೇ ಚರ್ಮ, ದಪ್ಪವಾಗಿದೆ ಅಷ್ಟೆ. ಬಲಪಾದದಡಿ ಎದ್ದಿದ್ದ ಆ ಗಂಟಿನ ಹತ್ತಿರವಾದರೆ ಗೆರೆಗಳು ಅಂಚಿನವರೆಗೆ ಬಂದು, ತೋಡಿನ ನೀರು ಕಲ್ಲನ್ನು ಬಳಸಿ ಹೋಗುವ ಹಾಗೆ ಪಕ್ಕಕ್ಕೆ ಸರಿದಿದ್ದವು. ಒಳಗೆ ಗೆರೆಯೇ ಇಲ್ಲ, ಬೇರೆಯದೇ ಒರಟು ಮಾಂಸ.

ಆದರೆ ಗೆರೆ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಆಣಿಯ ನಡುವಿನ ತಿರುಳೂ ಗೆರೆಯನ್ನು ಕಡಿಯುತ್ತದೆ. ನನ್ನ ಎಡಗಾಲಿನ ಕಿರುಬೆರಳ ಬುಡದಲ್ಲಿ ನಿಜವಾದ ಆಣಿಯೂ ಒಂದಿತ್ತು. ಡಾಕ್ಟರ್ ಮೇಲ್ಪದರ ಸವರಿದಾಗ ಒಳಗೆ ಹಳದಿ ಛಾಯೆಯ ಗಾಜಿನಂಥ ತಿರುಳು ಕಂಡಿತು. ಚುಕ್ಕೆ ಇಲ್ಲ, ರಕ್ತ ಇಲ್ಲ.

ಆಮೇಲೆ ನೋವಿನ ಪರೀಕ್ಷೆ. ಅವರು ಆಣಿಯ ಮೇಲೆ ಹೆಬ್ಬೆರಳಿಟ್ಟು ನೇರ ಒತ್ತಿದರು. ಜೀವ ಹೋದ ಹಾಗಾಯಿತು. ಅದನ್ನೇ ಎರಡು ಬೆರಳ ಮಧ್ಯೆ ಪಕ್ಕದಿಂದ ಹಿಂಡಿದಾಗ ಅಷ್ಟೇನೂ ಇಲ್ಲ. ಆಣಿ ಒಳಮುಖವಾಗಿ ಚೂಪಾದ ಮೊಳೆಯಂಥದ್ದು, ಒತ್ತಿದರೆ ಒಳಗೆ ನಾಟುತ್ತದೆ, ಅದಕ್ಕೇ ಆ ನೋವು. ನರಹುಲಿಯಲ್ಲಿ ಉಲ್ಟಾ. ನೇರ ಒತ್ತಿದಾಗ ತಡೆದುಕೊಂಡೆ, ಪಕ್ಕದಿಂದ ಹಿಂಡಿದಾಗ ಕಾಲು ಎಳೆದುಕೊಂಡೆ. ನರಹುಲಿ ಮೂಳೆಯ ಉಬ್ಬಿನ ಮೇಲೇ ಇದ್ದರೆ ನೇರ ಒತ್ತಿದರೂ ನೋಯುತ್ತದೆ, ಹಾಗಾಗಿ ನೋವು ಇದೆಯಾ ಅಂತ ನೋಡಬೇಡಿ, ಎರಡರಲ್ಲಿ ಯಾವುದು ಜಾಸ್ತಿ ಅಂತ ನೋಡಿ. ಬರೀ ಜಡ್ಡಾದರೆ ಹೇಗೆ ಮಾಡಿದರೂ ಸಾಮಾನ್ಯವಾಗಿ ಅಷ್ಟು ನೋಯುವುದಿಲ್ಲ.

ಹಾಗಾಗಿ ಬ್ಲೇಡಾ ಪಟ್ಟಿಯಾ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕಾರ್ನ್ ಪಟ್ಟಿಯಲ್ಲಿರುವುದು ಹೆಚ್ಚಾಗಿ ಸ್ಯಾಲಿಸಿಲಿಕ್ ಆಸಿಡ್. ನರಹುಲಿಗೆ ಕೊಡುವುದೂ ಅದನ್ನೇ. ಆದರೆ ಆಣಿಗೆ ಅದು ಮೇಲಿನ ಗಟ್ಟಿಯನ್ನಷ್ಟೇ ಕರಗಿಸುತ್ತದೆ. ಒತ್ತುತ್ತಿರುವ ಚಪ್ಪಲಿಯೋ ಬೂಟೋ ಬದಲಾಗದಿದ್ದರೆ ಆಣಿ ಮತ್ತೆ ಬರುತ್ತದೆ. ನನ್ನ ಎಡಗಾಲಿನದ್ದು ಹೋದದ್ದು ಒಂದು ಸೈಜ್ ದೊಡ್ಡ ಬೂಟು ತಗೊಂಡು, ಒಳಗೆ ಮೆತ್ತನೆ ಅಟ್ಟೆ ಹಾಕಿದ ಮೇಲೆ. ನರಹುಲಿಗೆ ಬೇಕಾದದ್ದು ತಾಳ್ಮೆ. ದಿನಾ ರಾತ್ರಿ ಹತ್ತು ನಿಮಿಷ ಬಿಸಿನೀರಿನಲ್ಲಿ ಕಾಲಿಟ್ಟು, ಮೆತ್ತಗಾದ ಮೇಲೆ ಅದಕ್ಕೇ ಮೀಸಲಿಟ್ಟ ಉಜ್ಜುವ ಪಟ್ಟಿಯಿಂದ ಸತ್ತ ಚರ್ಮ ಉಜ್ಜಿ, ಸುತ್ತ ವ್ಯಾಸಲೀನ್ ಹಚ್ಚಿ, ಗಂಟಿನ ಮೇಲೆ ಮಾತ್ರ ಆಸಿಡ್. ಜೊತೆಗೆ ಮೂರು ವಾರಕ್ಕೊಮ್ಮೆ ಡಾಕ್ಟರ್ ದ್ರವ ಸಾರಜನಕದಿಂದ ಸುಟ್ಟರು. ನನಗೆ ನಾಲ್ಕು ತಿಂಗಳು ಹಿಡಿಯಿತು. ಹೋಯಿತು ಅಂತ ಅವರು ಹೇಳಿದ್ದು ಆ ಜಾಗದಲ್ಲಿ ಗೆರೆ ಮತ್ತೆ ಕೂಡಿಕೊಂಡದ್ದನ್ನು ನೋಡಿದ ಮೇಲೆ.

ನಿಮಗೆ ಸಕ್ಕರೆ ಕಾಯಿಲೆ ಇದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ಆಸಿಡನ್ನೂ ಬ್ಲೇಡನ್ನೂ ಮುಟ್ಟದೆ ನೇರ ಡಾಕ್ಟರ್ ಹತ್ತಿರ ಹೋಗಿ. ಗಂಟಿಲ್ಲದೆ ಬರೀ ಕಪ್ಪು ಮಚ್ಚೆ ಹರಡುತ್ತಿದ್ದರೂ ಅಷ್ಟೇ, ಅದು ಬೇರೆಯೇ ಕಾಯಿಲೆ ಇರಬಹುದು, ಕಾಯಬೇಡಿ. ಅದ್ಯಾವುದೂ ಇಲ್ಲದಿದ್ದರೆ ಇವತ್ತು ರಾತ್ರಿ ಕಾಲು ನೆನೆಸಿ, ಮೇಲಿನ ಜಡ್ಡು ಉಜ್ಜಿ ತೆಳ್ಳಗೆ ಮಾಡಿ. ಅದು ಮುಚ್ಚಿಕೊಂಡಿದ್ದರೆ ಒಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಆಮೇಲೆ ಟಾರ್ಚ್ ಓರೆಯಾಗಿ ಹಿಡಿದು ಗೆರೆ ನೋಡಿ, ಒಮ್ಮೆ ಒತ್ತಿ, ಒಮ್ಮೆ ಹಿಂಡಿ. ಏನು ಕಂಡಿತು, ಎಲ್ಲಿ ಜಾಸ್ತಿ ನೋಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ.