ತಡವಾಗಿ ಬರೋದಕ್ಕೆ ನಗ್ತಾನೆ, ತಲೆ ಬಗ್ಗೆ ಅಂದರೆ ಯಾಕೆ ನೋವು?

"ತಡವಾಗಿ ಬರ್ತೀಯಾ ಅಂತ ರೇಗಿಸಿದರೆ ನಗ್ತಿದ್ದ ಗೆಳೆಯ, ಎಲ್ಲರ ಮುಂದೆ ಬೋಳುತಲೆ ಅಂದಿದ್ದಕ್ಕೆ ಮಾತು ಬಿಟ್ಟಿದ್ದಾನೆ. ಯಾಕೆ?"

ಕೂದಲು ಉದುರೋದು ಅವನ ಕೈಯಲ್ಲಿಲ್ಲ, ಬಹುಶಃ ಅದೇ ಕಾರಣ. "ಐದೇ ನಿಮಿಷ, ಬಂದೆ" ಅಂತ ಹೇಳಿ ಮುಕ್ಕಾಲು ಗಂಟೆ ಕಾಯಿಸುವುದು ಅವನೇ ಮಾಡುವ ಕೆಲಸ, ಬೇಕಾದರೆ ನಾಳೆಯೇ ಬಿಡಬಹುದು, ಅದೂ ಅಲ್ಲದೆ ಹತ್ತಿರದವರಿಗಷ್ಟೇ ಗೊತ್ತಿರುವ ವಿಷಯ, ಹಾಗಾಗಿ ಆ ಮಾತಲ್ಲಿ ಸಲಿಗೆ ಕೇಳಿಸುತ್ತದೆ. ತಲೆ ದಾರಿಹೋಕರಿಗೂ ಕಾಣುತ್ತದೆ ಅಲ್ವಾ? ನಾನು ಹೀಗೇ ರೇಗಿಸಿದ ಗೆಳೆಯ ಅವತ್ತು ನಕ್ಕಿದ್ದ, ಮಾರನೇ ದಿನದಿಂದ ಟೋಪಿ ಹಾಕಿಕೊಂಡು ಬಂದ.

ಮೊದಲು ಅವನೊಬ್ಬನೇ ಇರುವಾಗ ಸಿಗಿ. "ತಲೆ ಬಗ್ಗೆ ಹಾಗಂದಿದ್ದು ತಪ್ಪಾಯ್ತು ಕಣೋ" ಅನ್ನಿ. "ಸುಮ್ನೆ ತಮಾಷೆಗೆ ಅಂದೆ" ಅಂತ ಮಾತ್ರ ಸೇರಿಸಬೇಡಿ. ಆಮೇಲೆ ಬೇರೆಯವರು ಅದೇ ಮಾತು ಎತ್ತಿದರೆ ನೀವೇ ತಡೆಯಿರಿ. ತಡದ ತಮಾಷೆಯನ್ನೂ ಅವನಾಗಿಯೇ ಎತ್ತುವ ತನಕ ಬಿಟ್ಟುಬಿಡಿ.