ಪಲ್ಸ್ ಸಮೀಕ್ಷೆಗೆ ಉತ್ತರಿಸುವವರು ಕಡಿಮೆಯಾಗುತ್ತಿದ್ದಾರೆ, ಏನು ಮಾಡಬೇಕು?

ಪ್ರಶ್ನೆ: ನಮ್ಮಲ್ಲಿ ಪ್ರತಿ ತಿಂಗಳು ಸಿಬ್ಬಂದಿಗೆ ಮೊಬೈಲ್‌ನಲ್ಲಿ ಪಲ್ಸ್ ಸಮೀಕ್ಷೆ, ಅಂದರೆ ಕೆಲಸದ ಬಗ್ಗೆ ಅವರಿಗೆ ಏನನಿಸುತ್ತಿದೆ ಎಂದು ಕೇಳುವ ಚಿಕ್ಕ ಸಮೀಕ್ಷೆ ಕಳುಹಿಸುತ್ತೇವೆ. ಮೊದಲು ಹೆಚ್ಚಿನವರು ಉತ್ತರಿಸುತ್ತಿದ್ದರು, ಈಗ ಅರ್ಧದಷ್ಟು ಮಂದಿಯೂ ಇಲ್ಲ. ಸರಾಸರಿ ಅಂಕ ಮಾತ್ರ ಏರಿದೆ. ಸಮೀಕ್ಷೆ ಕಡಿಮೆ ಮಾಡಬೇಕೇ, ಬಹುಮಾನ ಇಡಬೇಕೇ?

ಉತ್ತರ: ಮೊದಲು ಆ ಏರಿದ ಅಂಕವನ್ನು ಅನುಮಾನದಿಂದ ನೋಡಿ. ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಗ ನಾನು ಮೋಸಹೋದದ್ದು ಅಲ್ಲಿಯೇ.

ಒಟ್ಟು 120 ಜನರಿದ್ದೆವು. ಸ್ವಾಗತ ಕೌಂಟರ್ ಮತ್ತು ಕಚೇರಿಯಲ್ಲಿ 40, ಅಡುಗೆಮನೆ, ಹೌಸ್‌ಕೀಪಿಂಗ್, ತೋಟದಲ್ಲಿ 80. ಏಪ್ರಿಲ್‌ನ ಮೊದಲ ಸುತ್ತಿನಲ್ಲಿ ಕಚೇರಿ ಕಡೆಯ 36 ಮಂದಿ ಐದಕ್ಕೆ ಸರಾಸರಿ 4.2 ಅಂಕ ಕೊಟ್ಟರು, ಉಳಿದ ಕಡೆಯ 60 ಮಂದಿ 3.2. ಒಟ್ಟು ಸರಾಸರಿ 3.6. ಆಗಸ್ಟ್‌ನಲ್ಲಿ ಅದು 3.9 ಆಯಿತು, ಮಾಲೀಕರಿಗೂ ಸಂತೋಷವಾಯಿತು. ವಿಭಾಗವಾರು ಬಿಡಿಸಿ ನೋಡಿದಾಗ ಕಚೇರಿಯವರು ಅದೇ 4.2ರಲ್ಲಿದ್ದರು, ಉಳಿದವರು ಅದೇ 3.2ರಲ್ಲಿ. ಆದರೆ ಕಚೇರಿಯಿಂದ 33 ಮಂದಿ ಉತ್ತರಿಸಿದ್ದರೆ ಇನ್ನೊಂದು ಕಡೆಯಿಂದ ಬರೀ 15 ಮಂದಿ. ಯಾರ ಸ್ಥಿತಿಯೂ ಸುಧಾರಿಸಿರಲಿಲ್ಲ, ಅಸಮಾಧಾನ ಇದ್ದವರು ಬರೆಯುವುದನ್ನು ನಿಲ್ಲಿಸಿದ್ದರು, ಅಷ್ಟೆ. ನೀವೂ ಹೀಗೆ ಬಿಡಿಸಿ ನೋಡಿ. ಐದಕ್ಕಿಂತ ಕಡಿಮೆ ಉತ್ತರ ಬಂದ ತಂಡವನ್ನು ಮಾತ್ರ ಬೇರೆ ತಂಡದೊಂದಿಗೆ ಸೇರಿಸಿ, ಇಲ್ಲದಿದ್ದರೆ ಯಾರು ಏನು ಬರೆದರೆಂದು ಗೊತ್ತಾಗಿಬಿಡುತ್ತದೆ.

ಅವರು ಏಕೆ ನಿಲ್ಲಿಸಿದರು? ಹನ್ನೆರಡು ಪ್ರಶ್ನೆಗಳು ಜಾಸ್ತಿಯಾದವೆಂದು ನಾನು ಭಾವಿಸಿದ್ದೆ. ಹೌಸ್‌ಕೀಪಿಂಗ್‌ನ ಹಿರಿಯ ಸಿಬ್ಬಂದಿಯೊಬ್ಬರನ್ನು ಕೇಳಿದಾಗ ಅವರು ಹೇಳಿದ್ದು ಬೇರೆ: "ಮೇಡಂ, ಜೂನ್‌ನಲ್ಲಿ ಬರೆದೆವು, ಜುಲೈಯಲ್ಲೂ ಬರೆದೆವು. ಆಮೇಲೆ ಯಾಕೆ ಬರೆಯಬೇಕು?" ಅವರ ದೂರು ಸಮವಸ್ತ್ರದ್ದು. ಇಬ್ಬನಿ, ಮಳೆ, ತೇವ ಬಿಡದ ಆ ತಿಂಗಳುಗಳಲ್ಲಿ ಇಲ್ಲಿ ಮನೆಯೊಳಗೆ ಹಾಕಿದ ಬಟ್ಟೆಯೂ ಒಣಗುವುದಿಲ್ಲ. ನಾವು ಕೊಟ್ಟಿದ್ದದ್ದು ಎರಡು ಜೊತೆ. ಬೆಳಿಗ್ಗೆ ಅರೆ ಒದ್ದೆ ಬಟ್ಟೆ ತೊಟ್ಟು ಕೆಲಸಕ್ಕೆ ಬರುತ್ತಿದ್ದರು. ಆಗಸ್ಟ್‌ನಲ್ಲಿ ಆ ದೂರು ಕಾಣದಾದಾಗ ಸಮಸ್ಯೆ ತಾನಾಗಿ ಮುಗಿಯಿತೆಂದು ನಾನು ಅಂದುಕೊಂಡಿದ್ದೆ. ಅದು ಈಗಲೂ ನನ್ನನ್ನು ಕಾಡುತ್ತದೆ.

ಬಹುಮಾನ ಇಡಬೇಡಿ. ನಾವು ಜುಲೈಯಲ್ಲಿ ಒಂದು ವಿಭಾಗದಲ್ಲಿ ಊಟದ ಕೂಪನ್ ಇಟ್ಟು ನೋಡಿದೆವು. ಸಂಖ್ಯೆ ಏರಿತು, ಆದರೆ ಹಲವರು ಹನ್ನೆರಡೂ ಪ್ರಶ್ನೆಗಳಿಗೆ ಒಂದೇ ಅಂಕವನ್ನು ಒತ್ತಿ ಅರ್ಧ ನಿಮಿಷದಲ್ಲಿ ಮುಗಿಸಿದ್ದರು, ಕೊನೆಯ ಖಾಲಿ ಜಾಗದಲ್ಲಿ ಒಂದು ಪದವೂ ಇರಲಿಲ್ಲ. ಮೇಲ್ವಿಚಾರಕರು ಪಕ್ಕದಲ್ಲಿ ನಿಂತು ತುಂಬಿಸಿದರೂ ಆಗುವುದು ಇದೇ.

ನಾವು ಸೆಪ್ಟೆಂಬರ್‌ನ ಸುತ್ತನ್ನು ನಿಲ್ಲಿಸಿದೆವು. ಅತಿಥಿಗಳ ಹಾಸಿಗೆ ಬಟ್ಟೆ ಒಣಗಿಸುವ ಯಂತ್ರ ರಾತ್ರಿ ಹತ್ತರ ನಂತರ ಖಾಲಿ ಇರುತ್ತಿತ್ತು, ಅದನ್ನು ಸಿಬ್ಬಂದಿಯ ಬಟ್ಟೆಗೆ ಬಿಟ್ಟುಕೊಟ್ಟೆವು. ಮೂರನೆಯ ಜೊತೆ ಸಮವಸ್ತ್ರ ಹೊಲಿಸಿದೆವು. ಆಮೇಲೆ ಪ್ರತಿ ಪಾಳಿಯ ಆರಂಭದಲ್ಲಿ ಐದು ನಿಮಿಷ ನಿಂತು ಮೂರು ಮಾತು ಹೇಳಿದೆ: ನೀವು ಬರೆದದ್ದು ಇದು, ಮಾಡಿದ್ದು ಇದು, ಸಂಬಳ ಹೆಚ್ಚಳ ಮುಂದಿನ ಏಪ್ರಿಲ್‌ವರೆಗೆ ಆಗುವುದಿಲ್ಲ, ಕಾರಣ ಇದು. ಆಗುವುದಿಲ್ಲ ಎನ್ನುವಾಗ ನನಗೆ ಅಳುಕಿತ್ತು. ಯಾರೂ ಸಿಟ್ಟಾಗಲಿಲ್ಲ. ಎರಡು ತಿಂಗಳ ಮೌನವೇ ಅವರಿಗೆ ಹೆಚ್ಚು ನೋವು ಕೊಟ್ಟಿತ್ತು. ಇದೇ ಮೂರು ಸಾಲುಗಳನ್ನು ಊಟದ ಕೋಣೆಯ ಗೋಡೆಗೂ ಅಂಟಿಸಿದೆವು, ಏಕೆಂದರೆ ಎಲ್ಲರಿಗೂ ಇಮೇಲ್ ಓದುವ ರೂಢಿಯಿರಲಿಲ್ಲ.

ಎಷ್ಟು ದಿನಕ್ಕೊಮ್ಮೆ ಕೇಳಬೇಕು ಎಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಹಿಂದಿನ ಸುತ್ತಿನ ಒಂದು ವಿಷಯಕ್ಕಾದರೂ ಕೆಲಸವಾಗಿ, ಅದು ಎಲ್ಲರಿಗೂ ತಿಳಿದ ಮೇಲೆ ಮುಂದಿನದನ್ನು ಕಳುಹಿಸಿ. ನಮಗೆ ಅದು ಎರಡು ತಿಂಗಳಿಗೊಮ್ಮೆ ಆಯಿತು, ಪ್ರಶ್ನೆಗಳು ನಾಲ್ಕಕ್ಕಿಳಿದವು. ಬದಲಿಸುವ ಅಧಿಕಾರ ನಮಗಿಲ್ಲದ ವಿಷಯವನ್ನು ಕೇಳುವುದನ್ನೇ ಬಿಟ್ಟೆವು. ಪುತ್ತರಿಯ ವಾರ ಮತ್ತು ಡಿಸೆಂಬರ್ ಕೊನೆಯ ಜನಜಂಗುಳಿಯಲ್ಲಿ ಸಮೀಕ್ಷೆ ಕಳುಹಿಸುತ್ತಿರಲಿಲ್ಲ.

ಅಕ್ಟೋಬರ್‌ನ ಮೊದಲ ಪ್ರಶ್ನೆ "ಸಮವಸ್ತ್ರದ ತೊಂದರೆ ನಿಜವಾಗಿ ಬಗೆಹರಿದಿದೆಯೇ?" ಎಂದಿತ್ತು. ಆ 80 ಜನರಲ್ಲಿ 44 ಮಂದಿ ಉತ್ತರಿಸಿದರು. ಒಟ್ಟು ಸರಾಸರಿ 3.9ರಿಂದ ಕೆಳಗಿಳಿಯಿತು, ಮಾಲೀಕರಿಗೆ ಅದರ ಕಾರಣವನ್ನು ವಿಭಾಗವಾರು ಪಟ್ಟಿ ಇಟ್ಟು ವಿವರಿಸಬೇಕಾಯಿತು. ಖಾಲಿ ಜಾಗದಲ್ಲಿ ಮತ್ತೆ ಬರಹ ಕಾಣಿಸಿತು: ರಾತ್ರಿ ಪಾಳಿ ಮುಗಿದಾಗ ಬಸ್ ಇರುವುದಿಲ್ಲ, ಮನೆಗೆ ಹೇಗೆ ಹೋಗುವುದು? ಡಿಸೆಂಬರ್‌ನ ಸುತ್ತನ್ನು ಕಳುಹಿಸುವ ಮೊದಲು ಆ ಪಾಳಿಗೆ ಜೀಪೊಂದನ್ನು ಗೊತ್ತುಮಾಡಿದೆವು.