ಮಾಡಿ ಅಂದರೋ, ಮಾಡಬೇಡಿ ಅಂದರೋ: ಒಂದು ಕಂಗ್ಲಿಷ್ ಮೇಲ್ ಪ್ರಕರಣ

ಆಫೀಸಿನ ಮೇಲ್ ಪ್ರಿಂಟ್ ಹಿಡಿದುಕೊಂಡು ಆಪ್ತಸಲಹೆಗೆ ಬರುವವರು ನಮ್ಮ ದಾವಣಗೆರೆಯಲ್ಲಿ ಈಚೆಗೆ ಜಾಸ್ತಿ ಆಗಿದ್ದಾರೆ. ಕೆಲಸ ಇಲ್ಲೇ ಇರುತ್ತದೆ, ಹೆಡ್ ಆಫೀಸ್ ಮಾತ್ರ ಬೇರೆ ರಾಜ್ಯದಲ್ಲಿ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ದೂರು ಎಲ್ಲರದೂ ಒಂದೇ: "ನನಗೆ ಇಂಗ್ಲಿಷ್ ಬರಲ್ಲ ಮೇಡಂ, ಅದಕ್ಕೇ ಅವಮಾನ ಆಗ್ತಿದೆ." ಮೇಲ್ ಓದಿ ನೋಡಿದರೆ ಬಹಳ ಸಲ ಸಮಸ್ಯೆ ಇಂಗ್ಲಿಷ್ ಬರದೇ ಇರುವುದರಲ್ಲಿ ಇರುವುದೇ ಇಲ್ಲ. ಅದನ್ನು ಹೇಳಲು ಈ ಪ್ರಕರಣ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಲಾಟ್ ನಂಬರ್, ಕೆಲವು ವಿವರ ಬದಲಾಯಿಸಿದ್ದೇನೆ.

ಶೈಲಾ ಅನ್ನೋಣ. ಜಗಳೂರು ಕಡೆಯ ಹುಡುಗಿ, ಬಿ.ಕಾಂ. ಓದಿದ್ದಾಳೆ. ಮೆಕ್ಕೆಜೋಳ ಖರೀದಿಸಿ ಕೋಳಿ ಆಹಾರ ತಯಾರಿಸುವವರಿಗೆ ಕಳಿಸುವ ಒಂದು ಕಂಪನಿಯ ಇಲ್ಲಿನ ಯೂನಿಟ್‌ನಲ್ಲಿ ಕೆಲಸ. ಬಂದ ಲೋಡಿನ ತೂಕ, ತೇವಾಂಶ ಬರೆದುಕೊಂಡು ಮೇಲ್ ಹಾಕುವುದು ಆಕೆಯ ಜವಾಬ್ದಾರಿ. ತೇವಾಂಶ ಸಾಮಾನ್ಯವಾಗಿ ನೂರಕ್ಕೆ 14ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದರೆ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಜೋಳ ಕೋಳಿಗೆ ವಿಷ. ಹಾಗಾಗಿ ದರ ಕಡಿತ ಮಾಡುತ್ತಾರೆ, ಇಲ್ಲವೇ ಲೋಡು ವಾಪಸ್ ಕಳಿಸುತ್ತಾರೆ.

ಒಂದು ದಿನ ಆಕೆ ಹೀಗೆ ಮೇಲ್ ಹಾಕಿದ್ದಳು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇತ್ತು, ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಡುತ್ತಿದ್ದೇನೆ: "ಸರ್, ಲಾಟ್ 27 ಮಾಯಿಶ್ಚರ್ 16.8 ಬಂದಿದೆ. ಸಪ್ಲೈಯರ್ ಪೇಮೆಂಟ್ ರಿಲೀಸ್ ಮಾಡಬೇಡಿ, ರೀಟೆಸ್ಟ್ ರಿಪೋರ್ಟ್ ಬರೋವರೆಗೂ."

ಮೇಲ್ ಹೋಗಿದ್ದು ಇಲ್ಲಿನ ಯೂನಿಟ್ ಮ್ಯಾನೇಜರ್‌ಗೆ. ಅವರು ಕನ್ನಡದವರು. ಸಿಸಿಯಲ್ಲಿ ಹೈದರಾಬಾದಿನ ಅಕೌಂಟ್ಸ್‌ನವರು ಇದ್ದರು. ಅವರಿಗೆ ಕನ್ನಡ ಬರುವುದಿಲ್ಲ. ಅವರು ಅವತ್ತೇ ಸಂಜೆ ದುಡ್ಡು ಬಿಡುಗಡೆ ಮಾಡಿಬಿಟ್ಟರು. ಮರುದಿನ ಗೊತ್ತಾದಾಗ, ಹೈದರಾಬಾದಿನಿಂದ ಎಲ್ಲರಿಗೂ ಹೋಗುವ ಹಾಗೆ ಒಂದೇ ಸಾಲಿನ ಉತ್ತರ ಬಂತು: ಇನ್ನು ಮುಂದೆ ಸರಿಯಾದ ಇಂಗ್ಲಿಷ್‌ನಲ್ಲಿ ಬರೆಯಿರಿ.

ಶೈಲಾ ರಾಜೀನಾಮೆ ಕೊಡಬೇಕು ಅಂತಲೇ ನನ್ನ ಹತ್ತಿರ ಬಂದಿದ್ದಳು. ಮನೆಯಲ್ಲಿ ಅಣ್ಣ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಫೀ ಕಟ್ಟಲು ತಯಾರಾಗಿದ್ದ. ನನ್ನ ಮುಂದೆಯೂ ಆಕೆ "ನನ್ನ ಇಂಗ್ಲಿಷ್ ಸರಿ ಇಲ್ಲ" ಅನ್ನುವುದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಎರಡನೇ ಭೇಟಿಯಲ್ಲಿ ಆ ಮೇಲ್‌ನ ಪ್ರಿಂಟ್ ಟೇಬಲ್ ಮೇಲೆ ಇಟ್ಟು ಪೆನ್ಸಿಲ್ ಕೊಟ್ಟೆ. "ಇದನ್ನು ಹೈದರಾಬಾದಿನವರ ಕಣ್ಣಲ್ಲಿ ಓದಬೇಕು. ಅವರಿಗೆ ಗೊತ್ತಿಲ್ಲದ ಪದ ಬಂದಲ್ಲೆಲ್ಲ ಗೀಟು ಎಳೆಯಿರಿ. ಉಳಿದದ್ದನ್ನಷ್ಟೇ ಜೋರಾಗಿ ಓದಿ" ಅಂದೆ.

ಆಕೆ ಗೀಟು ಎಳೆಯುತ್ತಾ ಹೋದಳು. ಬಂದಿದೆ, ಮಾಡಬೇಡಿ, ಬರೋವರೆಗೂ. ಆಮೇಲೆ ಓದಿದಳು: "ಸರ್, ಲಾಟ್ 27 ಮಾಯಿಶ್ಚರ್ 16.8. ಸಪ್ಲೈಯರ್ ಪೇಮೆಂಟ್ ರಿಲೀಸ್. ರೀಟೆಸ್ಟ್ ರಿಪೋರ್ಟ್."

ಇನ್ನೊಂದು ಸಲ ತನ್ನಷ್ಟಕ್ಕೆ ಓದಿಕೊಂಡಳು. "ಮೇಡಂ, ಇದು ದುಡ್ಡು ಬಿಡಿ ಅಂದ ಹಾಗೇ ಇದೆಯಲ್ಲ!"

"ನಿಮ್ಮ ಇಂಗ್ಲಿಷ್‌ನಲ್ಲಿ ಎಲ್ಲಿ ತಪ್ಪಿದೆ ಹೇಳಿ" ಅಂದೆ.

ಹುಡುಕಿದಳು. ಸಿಗಲಿಲ್ಲ. ಆ ಮೇಲ್‌ನಲ್ಲಿದ್ದ ಇಂಗ್ಲಿಷ್ ಪದ ಒಂದೂ ತಪ್ಪಿರಲಿಲ್ಲ, ಸ್ಪೆಲಿಂಗ್ ಕೂಡ ಸರಿಯಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ಕನ್ನಡ, ಇಂಗ್ಲಿಷ್ ಬೆರೆಸುವುದು ಹೇಗೆಂದರೆ ಹಾಗೆ ಅಲ್ಲ. ಅದಕ್ಕೊಂದು ಕ್ರಮ ಇದೆ. ಆಫೀಸಿನ ಮಾತಿನಲ್ಲಿ ವಸ್ತುಗಳ ಹೆಸರು ಇಂಗ್ಲಿಷ್‌ನಲ್ಲಿ ಬರುತ್ತವೆ: ಪೇಮೆಂಟ್, ರಿಪೋರ್ಟ್, ಇನ್‌ವಾಯ್ಸ್. ವಾಕ್ಯ ಮುಗಿಸುವುದು ಮಾತ್ರ ಕನ್ನಡದಲ್ಲಿ. ಮಾಡಿ ಅಥವಾ ಮಾಡಬೇಡಿ, ಆಗಿದೆಯೋ ಆಗಬೇಕೋ, ಯಾವಾಗಿನವರೆಗೆ, ಯಾರು ಮಾಡಬೇಕು, ಇದೆಲ್ಲ ಆ ಕೊನೆಯ ತುಣುಕಿನಲ್ಲೇ ಕೂತಿರುತ್ತದೆ. ಕನ್ನಡ ಬರದವರು ಮೇಲ್ ಓದಿದಾಗ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಆಗದೇ ಉಳಿದ ಅರ್ಧದಲ್ಲೇ ಆದೇಶ ಇರುತ್ತದೆ. ಮೇಲ್ ಪೂರ್ತಿ ಕನ್ನಡದಲ್ಲಿ ಇದ್ದಿದ್ದರೆ ಅವರು ಫೋನ್ ಮಾಡಿ ಕೇಳುತ್ತಿದ್ದರು. ಅರ್ಧ ಗೊತ್ತಾದದ್ದರಿಂದಲೇ ಉಳಿದದ್ದನ್ನು ಊಹಿಸಿಕೊಂಡರು. ಬೆರಕೆ ಮೇಲ್‌ನ ನಿಜವಾದ ಅಪಾಯ ಇದು: ಓದಿದವರಿಗೆ ತಮಗೆ ಅರ್ಥವಾಗಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ.

ಆ ಭೇಟಿಯ ನಂತರ ಶೈಲಾ ಕೇಳಿದ್ದು ಸರಿಯಾದ ಪ್ರಶ್ನೆ. "ಹಾಗಾದ್ರೆ ಮಿಕ್ಸ್ ಮಾಡಲೇಬಾರದಾ ಮೇಡಂ?"

ಮಾಡಬಹುದು. ಆಕೆ ಮತ್ತು ಯೂನಿಟ್ ಮ್ಯಾನೇಜರ್ ಇಬ್ಬರೇ ಇರುವ ಮೇಲ್‌ನಲ್ಲಿ "ನಾಳೆ ಲೋಡ್ ಜಾಸ್ತಿ ಇದೆ, ವೇಬ್ರಿಡ್ಜ್ ಆಪರೇಟರ್‌ಗೆ ಬೇಗ ಬರೋಕೆ ಹೇಳಿ ಸರ್" ಅಂತ ಬರೆದರೆ ಯಾರಿಗೂ ನಷ್ಟವಿಲ್ಲ. ಇಬ್ಬರೂ ಎರಡೂ ಭಾಷೆ ಬಲ್ಲವರು, ವಿಷಯ ನಾಳೆ ಸಂಜೆಗೆ ಮುಗಿದುಹೋಗುತ್ತದೆ. ವೇಬ್ರಿಡ್ಜ್, ಇನ್‌ವಾಯ್ಸ್ ಅನ್ನುವಂಥವನ್ನು ನಾನು ಬೆರಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಮಾಲರೂ ಅದನ್ನೇ ಹೇಳುತ್ತಾರೆ.

ಕನ್ನಡ ಬರದವರು ಒಬ್ಬರೇ ಒಬ್ಬರು ಸಿಸಿಯಲ್ಲಿದ್ದರೂ ಲೆಕ್ಕ ಬದಲಾಗುತ್ತದೆ. ಯಾರಿಗಾದರೂ ಫಾರ್ವರ್ಡ್ ಆಗುವ ಸಾಧ್ಯತೆ ಇದ್ದರೂ ಅಷ್ಟೇ. ಆಗ ದುಡ್ಡು, ತಾರೀಖು, ಮಾಡಿ-ಮಾಡಬೇಡಿ ಇರುವ ವಾಕ್ಯ ಪೂರ್ತಿ ಅವರ ಭಾಷೆಯಲ್ಲೇ ಇರಬೇಕು. ಉದ್ದ ಬೇಡ. ನಾವಿಬ್ಬರೂ ಕೂತು ಆ ಮೇಲ್ ಹೊಸದಾಗಿ ಬರೆದೆವು. ಸಬ್ಜೆಕ್ಟ್‌ನಲ್ಲಿ "ಹೋಲ್ಡ್ ಪೇಮೆಂಟ್, ಲಾಟ್ 27". ಒಳಗೆ ಇಂಗ್ಲಿಷ್‌ನಲ್ಲಿ ಮೂರು ಚಿಕ್ಕ ವಾಕ್ಯ: ತೇವಾಂಶ 16.8 ಇದೆ, ಮಿತಿ 14. ದುಡ್ಡು ಬಿಡುಗಡೆ ಮಾಡಬೇಡಿ. ರೀಟೆಸ್ಟ್ ಆದ ಮೇಲೆ ನಾನೇ ತಿಳಿಸುತ್ತೇನೆ. ಕೆಳಗೆ ಒಂದು ಸಾಲು ಬಿಟ್ಟು, ಮ್ಯಾನೇಜರ್‌ಗೆ ಕನ್ನಡದಲ್ಲಿ: ಈ ಲೋಡನ್ನು ಬೇರೆ ಗೋಡೌನಿನಲ್ಲಿ ಇಳಿಸಲು ಹೇಳಿ ಸರ್. ಒಂದೇ ಮೇಲ್‌ನಲ್ಲಿ ಎರಡು ಭಾಷೆ ಇದ್ದರೂ ಒಂದೇ ವಾಕ್ಯದೊಳಗೆ ಎರಡಿಲ್ಲ. ಅವರವರ ಕೆಲಸ ಅವರವರ ಭಾಷೆಯಲ್ಲಿ ಪೂರ್ತಿ ಇದೆ. ಆ ಮೂರು ವಾಕ್ಯ ಬರೆಯಲು ಶೈಲಾಗೆ ನನ್ನ ಸಹಾಯ ಬೇಕಾಗಲಿಲ್ಲ. ಬಿ.ಕಾಂ. ಇಂಗ್ಲಿಷ್ ಧಾರಾಳ ಸಾಕಾಯಿತು.

ಕನ್ನಡದ ಭಾಗವನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ ಅಂತಲೂ ಹೇಳಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕೆ ಒಂದು ಸ್ಪೆಲಿಂಗ್ ಅಂತ ಇಲ್ಲ. ಆರು ತಿಂಗಳಾದ ಮೇಲೆ ಮೇಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದೂ ಅಲ್ಲದೆ, ಅಕ್ಷರ ಬೇರೆ ಇದ್ದರೆ ಹೈದರಾಬಾದಿನವರಿಗೆ ಈ ಸಾಲು ತಮಗಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದೇ ಎಚ್ಚರಿಕೆ: ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ, ಆ ಕಡೆಯವರಿಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣಿಸುತ್ತದೆ.

ಆದರೆ ಹೀಗೆ ಬೇರೆ ಸಾಲು ಬರೆದರೂ ಕೆಲವೊಮ್ಮೆ ಮನಸ್ಸಿಗೆ ನೋವಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿಕೊಳ್ಳುವ ಒಂದು ತಂಡದಲ್ಲಿ ತಮಿಳುನಾಡಿನ ಎಂಜಿನಿಯರ್ ಒಬ್ಬರಿದ್ದರು. ಇಂಗ್ಲಿಷ್ ಮೇಲ್‌ಗಳ ಕೊನೆಗೆ ಇಬ್ಬರು ಹುಡುಗರು ತಮ್ಮತಮ್ಮಲ್ಲಿ ಒಂದು ಸಾಲು ಕನ್ನಡ ಬರೆದುಕೊಳ್ಳುತ್ತಿದ್ದರು. ಅದು ಬರೀ ಊಟದ ವಿಷಯ. ಆ ಎಂಜಿನಿಯರ್ ಮಾತ್ರ ಅದು ತನ್ನ ಮೇಲಿನ ದೂರು ಅಂತ ತಿಂಗಳುಗಟ್ಟಲೆ ನಂಬಿದ್ದರು. ಹಾಗಾಗಿ ಕನ್ನಡ ಸಾಲು ಹಾಕುವಾಗ ಅದು ಯಾರಿಗೆ, ಯಾವ ವಿಷಯಕ್ಕೆ ಅಂತ ಮೇಲೆ ಇಂಗ್ಲಿಷ್‌ನಲ್ಲಿ ನಾಲ್ಕು ಪದ ಹಾಕಿ ಅನ್ನುತ್ತೇನೆ. ಖಾಸಗಿ ಮಾತಿದ್ದರೆ ಬೇರೆ ಮೇಲ್ ಹಾಕಿ.

ನನ್ನ ಸಲಹೆಗೆ ಎರಡೂ ಕಡೆಯಿಂದ ಆಕ್ಷೇಪ ಬರುತ್ತದೆ. "ಸುಮ್ನೆ ಇಂಗ್ಲಿಷ್ ಕಲಿಯೋಕೆ ಹೇಳೋದು ಬಿಟ್ಟು ಏನಿದೆಲ್ಲ" ಅಂತ ಶೈಲಾಳ ಅಣ್ಣನೇ ಕೇಳಿದ. ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಆ ಮೇಲ್ ಬರೆದಾಗ ಆಕೆಗೆ ಕೊರತೆ ಇದ್ದದ್ದು ಇಂಗ್ಲಿಷ್‌ನದಲ್ಲ, ಓದುವವರು ಯಾರು ಅನ್ನುವ ಗಮನದ್ದು. ಕ್ಲಾಸಿಗೆ ಸೇರಿಸಿದರೆ "ನಾನು ದಡ್ಡಿ" ಅನ್ನುವ ನಂಬಿಕೆಗೆ ಮನೆಯವರೇ ಮುದ್ರೆ ಒತ್ತಿದ ಹಾಗೆ ಆಗುತ್ತಿತ್ತು. ಇನ್ನೊಂದು ಕಡೆಯವರು "ಕರ್ನಾಟಕದಲ್ಲಿ ವ್ಯಾಪಾರ ಮಾಡುವವರು ಕನ್ನಡ ಕಲಿಯಲಿ" ಅನ್ನುತ್ತಾರೆ. ನನಗೂ ಅದು ಇಷ್ಟವೇ. 1963ರ ಕರ್ನಾಟಕ ರಾಜಭಾಷಾ ಕಾಯ್ದೆಯ ಪ್ರಕಾರ ಕನ್ನಡ ರಾಜ್ಯದ ಆಡಳಿತ ಭಾಷೆ. ಇಲ್ಲಿನ ತಾಲ್ಲೂಕು ಕಚೇರಿಗೆ ಪತ್ರ ಬರೆಯುವಾಗ ಧೈರ್ಯವಾಗಿ ಪೂರ್ತಿ ಕನ್ನಡದಲ್ಲಿ ಬರೆಯಿರಿ. ಆದರೆ ಸಂಜೆಯೊಳಗೆ ನಿಲ್ಲಿಸಬೇಕಾದ ದುಡ್ಡಿಗೆ ಈ ವಾದದಿಂದ ಉಪಯೋಗವಿಲ್ಲ. ಆ ಜಗಳ ಶೈಲಾ ಒಬ್ಬಳೇ ತನ್ನ ಸಂಬಳ ಒಡ್ಡಿ ಮಾಡಬೇಕಾದದ್ದೂ ಅಲ್ಲ.

ತಪ್ಪು ಆಕೆಯದು ಮಾತ್ರ ಅಂತಲೂ ನಾನು ಒಪ್ಪಲಿಲ್ಲ. ಮ್ಯಾನೇಜರ್‌ಗೆ ಕನ್ನಡ ಬರುತ್ತದೆ. ಸಿಸಿ ನೋಡಿ ಒಂದು ಫೋನ್ ಮಾಡಬಹುದಿತ್ತು. ಹೈದರಾಬಾದಿಗೆ ಆಕೆ ಬರೆದ ಉತ್ತರದಲ್ಲಿ "ನನ್ನ ಇಂಗ್ಲಿಷ್‌ಗಾಗಿ ಕ್ಷಮಿಸಿ" ಅನ್ನುವ ಸಾಲಿತ್ತು. ಅದನ್ನು ತೆಗೆಸಿದೆ. ಅದರ ಜಾಗದಲ್ಲಿ, ಸೂಚನೆ ನಿಮಗೆ ಓದಲಾಗದ ಭಾಷೆಯಲ್ಲಿತ್ತು, ಇನ್ನು ಮುಂದೆ ತಡೆಹಿಡಿಯಬೇಕಾದದ್ದು ಸಬ್ಜೆಕ್ಟ್‌ನಲ್ಲೇ ಇರುತ್ತದೆ ಅಂತ ಬರೆದಳು. ಅವರಿಂದ "ನೋಟೆಡ್" ಅಂತ ಬಂತು, ಅಷ್ಟೇ. ಅವರ ಒರಟುತನ ಕಡಿಮೆ ಆಗಿಲ್ಲ.

ರಾಜೀನಾಮೆಯ ಕರಡನ್ನೂ ತಂದಿದ್ದಳು. "ರೆಸ್ಪೆಕ್ಟೆಡ್ ಸರ್" ಅಂತ ಇಂಗ್ಲಿಷ್‌ನಲ್ಲಿ ಶುರುವಾಗಿ, ಸಿಟ್ಟು ಬಂದ ಕಡೆ ಕನ್ನಡಕ್ಕೆ ತಿರುಗಿ, ಕೊನೆಗೆ ಮತ್ತೆ ಇಂಗ್ಲಿಷ್‌ಗೆ ಬಂದಿತ್ತು. ಇಂಥ ಪತ್ರದಲ್ಲಿ, ಓದುವವರಿಗೆ ಎರಡೂ ಭಾಷೆ ಬಂದರೂ, ಬೆರಕೆ ಬೇಡ ಅನ್ನುತ್ತೇನೆ. ರಾಜೀನಾಮೆ, ದೂರು, ನೋಟಿಸಿಗೆ ಉತ್ತರ, ಇವೆಲ್ಲ ಫೈಲಿನಲ್ಲಿ ಉಳಿಯುತ್ತವೆ. ಮುಂದೆ ಬಾಕಿ ಸಂಬಳದ ತಕರಾರು ಬಂದರೆ ನಮ್ಮ ಪರಿಚಯವೇ ಇಲ್ಲದ ಯಾರೋ ಓದುತ್ತಾರೆ. ಭಾಷೆ ಬದಲಾದ ಜಾಗದಲ್ಲಿ ಅವರಿಗೆ ಕಾಣುವುದು ಕಾರಣವಲ್ಲ, ಸಿಟ್ಟು. ಯಾವುದಾದರೂ ಒಂದು ಭಾಷೆಯಲ್ಲಿ ಪೂರ್ತಿ ಬರೆಯಿರಿ ಅಂದೆ. ಆಕೆ ಕನ್ನಡ ಆರಿಸಿಕೊಂಡಳು. ಒಂದು ಪುಟ, ಚೆನ್ನಾಗಿಯೇ ಬರೆದಿದ್ದಾಳೆ. ಅದನ್ನಿನ್ನೂ ಕೊಟ್ಟಿಲ್ಲ. ಈ ಸುಗ್ಗಿಯ ಲೋಡುಗಳು ಮುಗಿಯಲಿ, ಆಮೇಲೆ ನೋಡುತ್ತೇನೆ ಅನ್ನುತ್ತಾಳೆ.